ಭಾವನ ಹೆಸರಿನ ಬಿಲ್ಲು

ಡಾಲರನ್ನು ನಾನು ಇವತ್ತಿನವರೆಗೂ ಕೈಯಲ್ಲಿ ಹಿಡಿದು ನೋಡಿಲ್ಲ. ಆದರೆ ಚಳಿಗಾಲದಿಂದ ಬೇಸಿಗೆಯವರೆಗೆ ಅದು ನನ್ನನ್ನು ನಮ್ಮ ಕೊಳ್ಳೇಗಾಲದಿಂದ ಯಳಂದೂರಿಗೆ, ಹನೂರಿಗೆ ಬಸ್ಸಿನಲ್ಲಿ ಅಲೆಸಿತು. ನೆನೆದರೆ ಈಗಲೂ ಮೈ ಉರಿಯುತ್ತದೆ. ಉರಿ ಡಾಲರಿನ ಮೇಲಲ್ಲ, ನನ್ನ ಮೇಲೆಯೇ.

ನನ್ನ ಕೆಲಸ ಏನೆಂದು ಹೇಳಿದರೆ ನಮ್ಮ ಬೀದಿಯವರಿಗೆ ಈಗಲೂ ಅರ್ಥವಾಗುವುದಿಲ್ಲ. ಅಮೆರಿಕದ ಆಸ್ಪತ್ರೆಗಳ ಡಾಕ್ಟರುಗಳು ರೋಗಿಯ ಬಗ್ಗೆ ಬರೆದಿಟ್ಟದ್ದನ್ನು ಓದಿ, ಯಾವ ಕಾಯಿಲೆಗೆ ಯಾವ ಸಂಖ್ಯೆ, ಯಾವ ಚಿಕಿತ್ಸೆಗೆ ಯಾವ ಸಂಖ್ಯೆ ಎಂದು ಹಾಕುವುದು. ಆ ಸಂಖ್ಯೆ ನೋಡಿ ಅಲ್ಲಿಯ ವಿಮೆಯವರು ದುಡ್ಡು ಕೊಡುತ್ತಾರೆ. ಮೈಸೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ, ತಿಂಗಳ ಸಂಬಳ. ಹಾಲ್‌ನಲ್ಲಿ ಕಿಟಕಿಯ ಪಕ್ಕ ನನ್ನ ಮೇಜು, ಅದರ ಎದುರಿಗೇ ಅತ್ತೆಯ ಮಂಚ. ಯಾರಾದರೂ ಕೇಳಿದರೆ ಅತ್ತೆ, "ನಮ್ಮ ಸೊಸೆ ಅಮೇರಿಕದೋರ ಕಾಯ್ಲೆ ಎಣಿಸ್ತಳೆ ಕಣವ್ವ" ಎನ್ನುತ್ತಿದ್ದರು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಡಿಸೆಂಬರಿನಲ್ಲಿ ಕಂಪನಿಯಿಂದ ಒಂದು ಮೇಲ್ ಬಂತು. ಏಪ್ರಿಲ್‌ನಿಂದ ನಮ್ಮ ಪ್ರಾಜೆಕ್ಟಿನಲ್ಲಿ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಕೆಲಸ. ಪರೀಕ್ಷೆ ಅಮೆರಿಕದ ಸಂಸ್ಥೆಯೊಂದರದು. ಶುಲ್ಕ ನಾನ್ನೂರ ಇಪ್ಪತ್ತೈದು ಡಾಲರ್. ಮೊದಲು ನೀವೇ ಕಟ್ಟಿ, ಪಾಸಾದ ಮೇಲೆ ಬಿಲ್ಲು ತೋರಿಸಿದರೆ ಕೊಡುತ್ತೇವೆ. ಜನವರಿಯ ಪರೀಕ್ಷೆಗೆ ಹೆಸರು ನೋಂದಾಯಿಸಲು ಶನಿವಾರ ಕೊನೆಯ ದಿನ. ನಾನು ಮೇಲ್ ಓದಿದ್ದು ಬುಧವಾರ.

ಓದಿಗೆ ನಾನು ಹೆದರಲಿಲ್ಲ. ಆರು ವರ್ಷ ಅದನ್ನೇ ತಿಂದು ಅದನ್ನೇ ಕುಡಿದವಳು. ದುಡ್ಡಿಗೂ ಹೆದರಲಿಲ್ಲ, ಮಗಳ ಕಾಲೇಜಿಗೆಂದು ಎತ್ತಿಟ್ಟದ್ದು ಖಾತೆಯಲ್ಲಿತ್ತು. ಅವತ್ತೇ ಕುಳಿತು ನನ್ನ ಡೆಬಿಟ್ ಕಾರ್ಡಿನ ನಂಬರು ಹಾಕಿದೆ. ಕೆಂಪಕ್ಷರದಲ್ಲಿ ಒಂದು ಸಾಲು ಬಂತು: ಈ ಕಾರ್ಡು ನಡೆಯುವುದಿಲ್ಲ. ಇನ್ನೊಮ್ಮೆ ಹಾಕಿದೆ. ಅದೇ ಸಾಲು.

ನನ್ನ ಗಂಡ ಗೂಡಿನ ಮಾರುಕಟ್ಟೆಯಿಂದ ಊಟಕ್ಕೆ ಬಂದಿದ್ದ. ನೂಲು ತೆಗೆಯುವ ರೀಲರುಗಳ ಪರವಾಗಿ ರೇಷ್ಮೆಗೂಡಿನ ಹರಾಜು ಕೂಗುವುದು ಅವನ ಕೆಲಸ. ಅವನ ವ್ಯವಹಾರವೆಲ್ಲ ಫೋನಿನಲ್ಲಿ ಸ್ಕ್ಯಾನ್ ಮಾಡಿಯೇ ಮುಗಿಯುತ್ತದೆ.

"ಅಲ್ಲ ಕಣೇ, ಅಷ್ಟು ದೊಡ್ಡ ಅಮೇರಿಕದೋರು, ಒಂದು ಸ್ಕ್ಯಾನರ್ ಬೋರ್ಡು ಮಡಗಿಲ್ವಾ? ನಮ್ಮ ಸೊಪ್ಪಿನವ್ವನತ್ರನೇ ಅದೆ."

"ಮಡಗಿಲ್ಲ. ನೀವು ಸುಮ್ನೆ ಉಣ್ಣಿ."

ಗುರುವಾರ ರಜೆ ಹಾಕಿ ಯಳಂದೂರಿಗೆ ಹೋದೆ. ನನ್ನ ಖಾತೆ ಮದುವೆಗೆ ಮುಂಚೆ ತವರಿನ ಬ್ಯಾಂಕಿನಲ್ಲಿ ತೆರೆದದ್ದು, ಅಲ್ಲೇ ಉಳಿದಿತ್ತು. ಕೌಂಟರಿನಲ್ಲಿದ್ದ ಹುಡುಗಿ ನನ್ನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮೇಡಂ, ಇದು ಇಂಡಿಯಾದೊಳಗೆ ಮಾತ್ರ ನಡಿಯೋ ಕಾರ್ಡು. ಫಾರಿನ್ ಸೈಟಲ್ಲಿ ಎಷ್ಟ್ ಸಲ ಹಾಕುದ್ರೂ ಅಷ್ಟೆ. ಇಂಟರ್‌ನ್ಯಾಷನಲ್ ಕಾರ್ಡ್‌ಗೆ ಅರ್ಜಿ ಕೊಡಿ, ಎರಡು ವಾರದಲ್ಲಿ ಮನೆಗೆ ಬತ್ತದೆ. ಬಂದ್ಮೇಲೂ ಫಾರಿನ್ ಅನ್ನೋದನ್ನ ನೀವೇ ಆ್ಯಪಲ್ಲಿ ಆನ್ ಮಾಡ್ಕಬೇಕು. ಆಫ್ ಆಗೇ ಬರೋದು."

"ನಂಗೆ ಶನಿವಾರದೊಳಗೆ ಬೇಕಲ್ಲವ್ವ."

"ಅದು ನನ್ ಕೈಲಿಲ್ಲ ಮೇಡಂ."

ಖಾತೆಯಲ್ಲಿ ದುಡ್ಡಿದೆ, ಕೈಯಲ್ಲಿ ಕಾರ್ಡಿದೆ, ಕಟ್ಟಲು ದಾರಿಯಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಆ ಕೌಂಟರಿನ ಮುಂದೆ ನೆನಪಾಯಿತು. ಕೋಪಕ್ಕೆ ಅರ್ಜಿಯನ್ನೂ ಕೊಡದೆ ಎದ್ದು ಬಂದೆ. ಅದೇ ಮೊದಲ ಪೆದ್ದುತನ.

ನಮ್ಮ ಮನೆತನದಲ್ಲಿ ಕ್ರೆಡಿಟ್ ಕಾರ್ಡು ಇದ್ದದ್ದು ಒಬ್ಬರ ಹತ್ತಿರ ಮಾತ್ರ. ನನ್ನ ಗಂಡನ ಅಣ್ಣ, ನಮ್ಮ ಭಾವ. ಹನೂರಿನಲ್ಲಿ ಮನೆ, ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬಿಳಿ ಅಂಗಿ, ಹಣೆಗೆ ವಿಭೂತಿ, ಮಾತು ಕಮ್ಮಿ. ಮಾವ ತೀರಿಕೊಂಡ ಮೇಲೆ ಮನೆಗೆ ಅವರೇ ಯಜಮಾನರು. ಹದಿನೇಳು ವರ್ಷದಲ್ಲಿ ನಾನು ಅವರೆದುರು ಕುರ್ಚಿಯ ಮೇಲೆ ಕೂತವಳಲ್ಲ, ಅವರ ಮಾತಿಗೆ ಇಲ್ಲ ಎಂದವಳಲ್ಲ. ಹಾಗೆಂದು ಅವರು ಗದರುವ ಮನುಷ್ಯರೂ ಅಲ್ಲ. ನಮ್ಮಲ್ಲಿ ಅದು ಹಾಗೆ, ಅಷ್ಟೇ. ಅವರಿಗಿದ್ದ ಒಂದೇ ಹುಚ್ಚು ತೆರಿಗೆ ಉಳಿಸುವುದು. ವರ್ಷವಿಡೀ ರಸೀದಿಗಳನ್ನು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಕೂಡಿಟ್ಟು, ಜನವರಿ ಬಂತೆಂದರೆ ಒಂದೊಂದಾಗಿ ಹರಡಿ ಕೂರುತ್ತಿದ್ದರು.

ಫೋನಿನಲ್ಲಿ ಗಂಡನಿಂದಲೇ ಕೇಳಿಸಿದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಭಾವ ಬಸ್ಸು ಹತ್ತಿ ಬಂದರು. ಕಾಫಿ ಕುಡಿದು, ಕಾರ್ಡನ್ನು ಜೇಬಿನಿಂದ ತೆಗೆದು, ಕರವಸ್ತ್ರದಿಂದ ಒರೆಸಿ ಮೇಜಿನ ಮೇಲಿಟ್ಟರು.

ಮೊದಲ ಸಲ ಹಾಕಿದೆ. ಕೆಂಪಕ್ಷರ. ಯಳಂದೂರಿನ ಹುಡುಗಿ ಹೇಳಿದ್ದು ನೆನಪಾಗಿ, ಭಾವನ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆಗೆಸಿ ನೋಡಿದರೆ ಫಾರಿನ್ ಬಳಕೆ ಆಫ್. ಆನ್ ಮಾಡಿಸಿದೆ. ಎರಡನೇ ಸಲ ಹಾಕಿದೆ. ಈ ಸಲ ಓಟಿಪಿಯನ್ನೂ ಕೇಳಲಿಲ್ಲ, ಪುಟದ ನಡುವೆ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ಅಷ್ಟರಲ್ಲಿ ನಮ್ಮ ಬೀದಿಯ ಕರೆಂಟು ಹೋಗಿ ನೆಟ್ ಸತ್ತಿತು. ಅದೇ ಗಳಿಗೆಗೆ ಭಾವನ ಫೋನು ಟಿಣ್ ಎಂದಿತು. ಅವರು ಕನ್ನಡಕ ಏರಿಸಿಕೊಂಡು ಓದಿದರು.

"ನಾನ್ನೂರ ಇಪ್ಪತ್ತೈದು ಡಾಲರ್ ಖರ್ಚಾಗದೆ ಅಂತ ಬಂತು ಕಣವ್ವ. ಆಯ್ತಲ್ಲ?"

ನನ್ನ ಫೋನಿನ ನೆಟ್‌ನಿಂದ ಸೈಟು ತೆರೆದೆ. ಅಲ್ಲಿ ನನ್ನ ಹೆಸರಿಗೆ ಯಾವ ಪರೀಕ್ಷೆಯೂ ಇಲ್ಲ, ದುಡ್ಡು ಬಂದ ಗುರುತೂ ಇಲ್ಲ. ಅಯ್ಯೋ ಶಿವನೇ, ಭಾವನ ದುಡ್ಡು ನುಂಗಿಬಿಟ್ಟೆನಲ್ಲ ಎಂದುಕೊಂಡು ಮೂರನೇ ಸಲ ಹಾಕಿದೆ. ಕಾರ್ಡಿನ ಮಿತಿ ಸಾಲದು ಎಂದಿತು. ಮಿತಿ ಐವತ್ತು ಸಾವಿರ, ಅದರಲ್ಲಿ ಮೂವತ್ತೇಳು ಸಾವಿರದಷ್ಟು ಆಗಲೇ ಸಿಕ್ಕಿಹಾಕಿಕೊಂಡಿತ್ತು.

ಕಸ್ಟಮರ್ ಕೇರಿಗೆ ಭಾವನೇ ಮಾತಾಡಬೇಕಾಯಿತು, ಕಾರ್ಡು ಅವರದು. ಒಂದು ಒತ್ತಿ, ಮೂರು ಒತ್ತಿ, ಹುಟ್ಟಿದ ದಿನ ಹೇಳಿ, ಸಂಗೀತ ಕೇಳಿ. ಇಪ್ಪತ್ತು ನಿಮಿಷ ಕಳೆದ ಮೇಲೆ ಒಬ್ಬ ಸಿಕ್ಕಿ ಬಿಡಿಸಿ ಹೇಳಿದ. ದುಡ್ಡು ಹೋಗಿಲ್ಲ, ತಡೆದು ಇಟ್ಟಿದೆ. ಆಚೆಯವರು ಅದನ್ನು ಪಡೆದುಕೊಳ್ಳದಿದ್ದರೆ ಒಂದು ವಾರ, ಹತ್ತು ದಿನದಲ್ಲಿ ತಾನಾಗಿಯೇ ಬಿಡುಗಡೆಯಾಗುತ್ತದೆ. ಈಗಲೇ ಬಿಡಿಸಲು ಬ್ಯಾಂಕಿಗೆ ಆಗುವುದಿಲ್ಲ.

"ಹಂಗಾರೆ ಇವತ್ತೇ ಕಟ್ಬೇಕಾದೋರು ಏನ್ ಮಾಡ್ಬೇಕು ಸಾ?" ಎಂದು ಭಾವ ಕೇಳಿದರು. ಅವರು ಅಷ್ಟು ಉದ್ದದ ಪ್ರಶ್ನೆ ಕೇಳಿದ್ದನ್ನು ನಾನು ಕಂಡದ್ದೇ ಅಪರೂಪ.

ಕಾರ್ಡಿಗೆ ಮುಂಗಡವಾಗಿ ದುಡ್ಡು ತುಂಬಿ, ಅಷ್ಟು ಜಾಗ ಆಗುತ್ತದೆ ಎಂದ ಅವನು. ನನ್ನ ಖಾತೆಯಿಂದ ನಲವತ್ತು ಸಾವಿರ ಭಾವನ ಕಾರ್ಡಿಗೆ ಹಾಕಿದೆ. ಸಂಜೆ ಐದೂವರೆಗೆ ಅದು ಕಾರ್ಡಿನಲ್ಲಿ ಕಾಣಿಸಿತು. ಈ ನಡುವೆ ನಾನು ಎಷ್ಟು ಸಲ ಅಡುಗೆಮನೆಗೂ ಹಾಲ್‌ಗೂ ಓಡಾಡಿದೆನೆಂದರೆ, "ಒಂದ್ ಕಡೆ ಕುತ್ಕಳವ್ವ, ನನ್ ತಲೆ ತಿರುಗ್ತದೆ" ಎಂದು ಅತ್ತೆ ಗೋಡೆ ಕಡೆ ಹೊರಳಿ ಮಲಗಿದರು.

ನಾಲ್ಕನೇ ಸಲ. ಕಾರ್ಡಿನ ಮೇಲಿನ ಹೆಸರು ಎಂಬಲ್ಲಿ ಭಾವನ ಹೆಸರು. ಅದು ಹಾಗೆಯೇ ಇರಬೇಕು. ಅದರ ಕೆಳಗೆ ಇನ್ನೊಂದು ಖಾನೆ: ಬಿಲ್ಲು ಯಾರ ಹೆಸರಿಗೆ? ನನ್ನ ಹೆಸರಿನ ಮೊದಲಕ್ಷರ ಒತ್ತುವಷ್ಟರಲ್ಲಿ ಬೆನ್ನ ಹಿಂದಿನಿಂದ ಭಾವ ಮೆಲ್ಲಗೆ ಹೇಳಿದರು.

"ಬಿಲ್ಲು ನನ್ ಹೆಸರಿಗೆ ಹಾಕವ್ವ. ಕಾರ್ಡು ನಂದಲ್ವಾ, ಟ್ಯಾಕ್ಸ್‌ಗೆ ತೋರಿಸ್ಕತೀನಿ. ಮಕ್ಕಳ ಫೀಸು ತೋರಿಸಲ್ವಾ, ಇದೂ ಪರೀಕ್ಷೆ ಫೀಸೇ."

ಅದು ಸರಿಯೋ ತಪ್ಪೋ ನನಗೂ ಗೊತ್ತಿರಲಿಲ್ಲ. ಆದರೆ ಕಂಪನಿಯ ಮೇಲ್‌ನಲ್ಲಿ "ಬಿಲ್ಲು ತೋರಿಸಿದರೆ" ಎಂದಿದ್ದದ್ದು ತಲೆಯೊಳಗೆ ಕುಟುಕಿತು. ಬೇಡ ಭಾವ, ನನಗೆ ಬೇಕಾಗುತ್ತದೆ ಎನ್ನಬೇಕಿತ್ತು. ನಾಲ್ಕು ಮಾತು. ಸಂಖ್ಯೆಯೊಂದರಲ್ಲಿ ಒಂದಂಕಿ ತಪ್ಪಿದೆ ಎಂದು ಮೇಲಿನವರು ಹೇಳಿದರೆ ಅರ್ಧ ದಿನ ಜಗಳ ಕಾಯುವವಳು ನಾನು. ಹನೂರಿನಿಂದ ಬಸ್ಸಿನಲ್ಲಿ ನಿಂತು ಬಂದ ಮನುಷ್ಯನಿಗೆ ಆ ನಾಲ್ಕು ಮಾತು ಹೇಳಲಾಗಲಿಲ್ಲ. ನನ್ನ ಹೆಸರಿನ ಅಕ್ಷರ ಅಳಿಸಿ ಅವರ ಹೆಸರು ಒತ್ತಿದೆ. ಚಕ್ರ ತಿರುಗಿ ಹಸಿರು ಟಿಕ್ಕು ಬಂತು. ಬಿಲ್ಲನ್ನು ಎರಡು ಪ್ರತಿ ಮುದ್ರಿಸಿ ಒಂದನ್ನು ಅವರ ಕೈಗಿಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಏಳು ಗಂಟೆಯ ಬಸ್ಸಿಗೆ ಹೊರಟರು.

ಕಾರ್ಡಿನ ಲೆಕ್ಕಪಟ್ಟಿ ಬಂದಾಗ ಶುಲ್ಕ ಮೂವತ್ತೆಂಟೂವರೆ ಸಾವಿರವಾಗಿತ್ತು. ಕರೆನ್ಸಿ ಬದಲಿಸಿದ್ದಕ್ಕೆ ಬ್ಯಾಂಕು ಶೇಕಡಾ ಮೂರೂವರೆ ತೆಗೆದುಕೊಂಡು, ಆ ಮೂರೂವರೆಯ ಮೇಲೆ ಜಿಎಸ್‌ಟಿಯನ್ನೂ ಹಾಕಿತ್ತು. ಸಿಕ್ಕಿಹಾಕಿಕೊಂಡಿದ್ದದ್ದು ಎಂಟನೆಯ ದಿನ ತಾನಾಗಿಯೇ ಬಿಟ್ಟುಕೊಂಡಿತು. ಜನವರಿ ಕೊನೆಗೆ ಪರೀಕ್ಷೆ ಬರೆದೆ. ಫೆಬ್ರವರಿ ಮಧ್ಯಕ್ಕೆ ಪಾಸಾದೆ. ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದರು. ಆ ಒಂದು ವಾರ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ನಿಜ.

ಆಮೇಲೆ ಬಿಲ್ಲನ್ನು ಕಂಪನಿಗೆ ಕಳಿಸಿದೆ. ಎರಡೇ ದಿನಕ್ಕೆ ಉತ್ತರ ಬಂತು. ಕಾರ್ಡು ಬೇರೆಯವರದಾದರೂ ಅಡ್ಡಿಯಿಲ್ಲ, ಒಂದು ಪತ್ರ ಬರೆದುಕೊಟ್ಟರೆ ಸಾಕು. ಆದರೆ ಬಿಲ್ಲು ನಮ್ಮ ನೌಕರರ ಹೆಸರಿನಲ್ಲಿಯೇ ಇರಬೇಕು. ಸರಿಯಾದ ಬಿಲ್ಲನ್ನು ಮಾರ್ಚ್ ಇಪ್ಪತ್ತೈದರೊಳಗೆ ಕಳಿಸಿ. ಆಮೇಲೆ ಈ ವರ್ಷದ ಲೆಕ್ಕ ಮುಚ್ಚುತ್ತೇವೆ, ಹಳೆಯದನ್ನು ತೆಗೆದುಕೊಳ್ಳುವುದಿಲ್ಲ.

ಪರೀಕ್ಷೆಯ ಸಂಸ್ಥೆಗೆ ಬರೆದೆ. ಬಿಲ್ಲಿನ ಹೆಸರು ಬದಲಿಸುತ್ತೇವೆ, ಆದರೆ ಕಾರ್ಡಿನ ಯಜಮಾನರು ಅವರ ಮೇಲ್‌ನಿಂದಲೇ ಕೇಳಬೇಕು ಎಂದರು. ಅಂದರೆ ಮತ್ತೆ ಭಾವ. ಅವರು ಅದನ್ನಾಗಲೇ ತೆರಿಗೆಗೆ ತೋರಿಸಿದ್ದರೆ? ಈಗ ಹೆಸರು ಬದಲಿಸಿದರೆ ಸುಳ್ಳು ಬಿಲ್ಲು ಕೊಟ್ಟರು ಎಂದು ಅವರ ಕೊರಳಿಗೆ ಬಂದರೆ? ತಲೆ ಕೆಟ್ಟು, ನಮ್ಮೂರಿನಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವವರೊಬ್ಬರ ಅಂಗಡಿಗೆ ಹೋದೆ. ರೇಷ್ಮೆ ಸೀರೆಯ ಅಂಗಡಿಯ ಮಹಡಿಯಲ್ಲಿ ಅವರ ಕೋಣೆ. ಬಿಲ್ಲು ನೋಡಿ ನಕ್ಕರು.

"ಇದು ನಿಮ್ಮ ಭಾವಂಗೂ ಬರಲ್ಲ, ನಿಮಗೂ ಬರಲ್ಲ ಕಣಮ್ಮ. ಮಕ್ಕಳ ಫೀಸು ಅನ್ನೋದು ಹಳೇ ತೆರಿಗೆ ಪದ್ಧತೀಲಿ ಇರೋರಿಗೆ, ಅದೂ ಸ್ವಂತ ಮಕ್ಕಳು ಇಲ್ಲೇ ಶಾಲೆ ಕಾಲೇಜಲ್ಲಿ ಪೂರ್ತಿ ಹೊತ್ತು ಓದೋದಕ್ಕೆ. ತಮ್ಮನ ಹೆಂಡ್ತಿ ಪರೀಕ್ಷೆಗಲ್ಲ."

"ನಂದೇ ಕೆಲಸಕ್ಕೆ ಬೇಕಾದ ಪರೀಕ್ಷೆ ಅಲ್ವಾ ಸಾ? ನಾನೇ ತೋರಿಸಿದ್ರೆ?"

"ನೀವು ಸಂಬಳದೋರು. ಸಂಬಳದೋರಿಗೆ ಎಲ್ಲಾರ್ಗೂ ಒಂದೇ ಅಳತೆ, ಇಷ್ಟು ಸಾವಿರ ಅಂತ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟಿರ್ತರೆ. ನೀವು ಪರೀಕ್ಷೆ ಕಟ್ಟಿ, ಪುಸ್ತಕ ತಗಳಿ, ಅದ್ರೊಳಗೇ ಎಲ್ಲ. ಬಿಲ್ಲು ಕೊಟ್ಟು ಇನ್ನಷ್ಟು ಕಳೀರಿ ಅನ್ನಂಗಿಲ್ಲ. ನೀವೇ ಸ್ವಂತವಾಗಿ ಈ ಕಸುಬು ಮಾಡ್ತಿದ್ರೆ ಖರ್ಚು ಅಂತ ಬರಕಬೋದಿತ್ತು. ಸಾಲ ತಗಂಡು ಓದಿದ್ರೆ ಬಡ್ಡಿ ಮಾತು ಬೇರೆ."

"ಹಂಗಾರೆ ದಾರಿ?"

"ಒಂದೇ ದಾರಿ. ಕಂಪನಿಯೋರು ಕೆಲಸಕ್ಕೆ ಬೇಕಾದ್ದು ಅಂತ ಬಿಲ್ಲಿನ ಮೇಲೆ ವಾಪಸ್ ಕೊಟ್ರೆ, ಅದು ನಿಮ್ಮ ಸಂಬಳಕ್ಕೆ ಸೇರಲ್ಲ, ತೆರಿಗೆನೂ ಇಲ್ಲ. ಬಿಲ್ಲಿಲ್ದೆ ಬೋನಸ್ ಅಂತ ಕೊಟ್ರೆ ಸೇರ್ತದೆ. ಮೊದ್ಲು ಬಿಲ್ಲು ನಿಮ್ಮ ಹೆಸರಿಗೆ ಮಾಡ್ಕಳಿ, ಓಗಿ."

ಇಷ್ಟು ಸಲೀಸಾಗಿತ್ತು. ಅವತ್ತು ಮಾರ್ಚ್ ಎರಡು. ಮೂರು ವಾರ ಕೈಯಲ್ಲಿತ್ತು.

ಆ ಮೂರು ವಾರ ನಾನು ಏನು ಮಾಡಿದೆ ಎಂದು ನನ್ನನ್ನೇ ಕೇಳಿಕೊಂಡರೆ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ. ದಿನಾ ಬೆಳಗ್ಗೆ ಫೋನು ಕೈಗೆತ್ತಿಕೊಳ್ಳುವುದು, ಇಡುವುದು. ಅಷ್ಟು ಆಸೆಯಿಂದ ಬಿಲ್ಲನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದವರಿಗೆ, ನಿಮಗೆ ಗೊತ್ತಿಲ್ಲ ಎಂದು ಮೇಷ್ಟ್ರಿಗೆ ಪಾಠ ಹೇಳುವುದು ಹೇಗೆ? ಗಂಡನಿಗೆ ಹೇಳಿದರೆ, "ಅಣ್ಣಂಗೆ ನಾನೇಳಲಾ? ನಿಂಗೇನ್ ತಲೆ ಕೆಟ್ಟದ? ನೀನೇ ಯೋಳು" ಎಂದು ಮಾರುಕಟ್ಟೆಗೆ ಓಡಿದ. ಹಬ್ಬಕ್ಕೆ ಭಾವ ಬಂದು ಹೋದರು. ನಾನು ಒಬ್ಬಟ್ಟು ಬಡಿಸಿದೆ, ಬಿಲ್ಲಿನ ಮಾತೆತ್ತಲಿಲ್ಲ. ಅವರೂ ಎತ್ತಲಿಲ್ಲ. ತುಪ್ಪ ಹಾಕುವಾಗ ಅವರು ನನ್ನ ಮುಖವನ್ನೇ ನೋಡಲಿಲ್ಲ ಎಂಬುದನ್ನು ಆಗ ಗಮನಿಸಿದ್ದೆ, ಅರ್ಥ ಮಾಡಿಕೊಳ್ಳಲಿಲ್ಲ.

ಕೊನೆಗೆ ಮಾರ್ಚ್ ಇಪ್ಪತ್ತೆರಡರಂದು ಇನ್ನು ತಡೆಯಲಾರದೆ ಹನೂರಿನ ಬಸ್ಸು ಹತ್ತಿದೆ. ಮಧುವನಹಳ್ಳಿ, ಕಾಮಗೆರೆ ದಾಟುವಾಗಲೂ ಹೇಳಬೇಕಾದ ಮಾತನ್ನು ಬಾಯೊಳಗೇ ಹೊರಳಿಸುತ್ತಿದ್ದೆ. ಶಾಲೆಗೆ ಹೋದಾಗ ಭಾವ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕುಳಿತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಕುತ್ಕೋ ಎಂದರು. ನಿಂತೇ ಇದ್ದೆ. ನಿಂತರೆ ಇವತ್ತೂ ಹೇಳಲಾರೆ ಎನಿಸಿ, ಕುರ್ಚಿ ಎಳೆದುಕೊಂಡು ಅವರೆದುರು ಕುಳಿತುಬಿಟ್ಟೆ.

"ಭಾವ, ತಪ್ಪು ತಿಳ್ಕಬೇಡಿ. ಆ ಬಿಲ್ಲು ಟ್ಯಾಕ್ಸ್‌ಗೆ ಬರಲ್ವಂತೆ. ನಿಮಗೂ ಇಲ್ಲ, ನನಗೂ ಇಲ್ಲ. ನನ್ನ ಹೆಸರಿಗೆ ಆದ್ರೆ ಕಂಪನಿಯೋರು ದುಡ್ಡು ಕೊಡ್ತರೆ. ನೀವೊಂದು ಮೇಲ್ ಕಳಿಸ್ಬೇಕು."

ಭಾವ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಮೇಜಿನ ಖಾನೆ ಎಳೆದು ಆ ಪ್ಲಾಸ್ಟಿಕ್ ಫೈಲು ತೆಗೆದರು. ಎಲ್ಲಕ್ಕಿಂತ ಮೇಲೆ ನನ್ನ ಬಿಲ್ಲೇ ಇತ್ತು, ನಾಲ್ಕು ಮಡಿಕೆಯ ಗುರುತಿನ ಸಮೇತ. ಅದರ ಮೇಲೆ ಅಡ್ಡಡ್ಡಲಾಗಿ ನೀಲಿ ಶಾಯಿಯ ಗೀಟು.

"ಇದು ಫೆಬ್ರವರೀಲೇ ವಾಪಸ್ ಬಂತು ಕಣವ್ವ. ಸಂಬಳದ ಬಿಲ್ಲು ಮಾಡೋನು ಎಲ್ಲಾರ ಮುಂದೆ ನಕ್ಕುಬುಟ್ಟ. ಏನ್ ಮೇಷ್ಟ್ರೇ, ಈ ವಯಸ್ಸಲ್ಲಿ ಅಮೇರಿಕದ ಪರೀಕ್ಷೆ ಕಟ್ಟೀರಾ ಅಂತ."

"ಮತ್ಯಾಕೆ ಭಾವ ಯೋಳ್ನಿಲ್ಲ?"

"ನಾಚ್ಕೆ ಆಯ್ತು. ನಿನ್ ದುಡ್ಡು, ನಿನ್ ಪರೀಕ್ಷೆ. ನನ್ ಹೆಸರು ಹಾಕು ಅಂದಿದ್ದು ನಾನು. ನೀನ್ಯಾಕೆ ಯೋಳ್ನಿಲ್ಲ?"

ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹಬ್ಬದ ದಿನ ಒಂದೇ ಮನೆಯಲ್ಲಿ ಒಬ್ಬಟ್ಟು ತಿಂದಿದ್ದೆವು.

ಭಾವ ಅಲ್ಲೇ ಕುಳಿತು ಫೋನಿನಲ್ಲಿ ಒಂದೇ ಬೆರಳಿನಿಂದ ಇಂಗ್ಲಿಷಿನಲ್ಲಿ ಮೇಲ್ ಬರೆದರು. ಒಂದೊಂದು ಸಾಲನ್ನೂ ನನಗೆ ಓದಿ ಹೇಳಿದರು. ಕೊನೆಯಲ್ಲಿ, ಇದು ನನ್ನ ತಪ್ಪು, ದಯವಿಟ್ಟು ಕ್ಷಮಿಸಿ ಎಂದು ಸೇರಿಸಿದರು. ತಪ್ಪು ನಿಮ್ಮೊಬ್ಬರದಲ್ಲ ಭಾವ ಎಂದೆ. ಇರಲಿ ಎಂದು ಕಳಿಸಿಯೇಬಿಟ್ಟರು.

ಆ ಕಡೆಯವರು ಐದು ಕೆಲಸದ ದಿನ ಬೇಕು ಎಂದರು. ನನ್ನ ಹೆಸರಿನ ಬಿಲ್ಲು ಬಂದದ್ದು ಮಾರ್ಚ್ ಇಪ್ಪತ್ತೊಂಬತ್ತಕ್ಕೆ. ಕಂಪನಿಗೆ ಕಳಿಸಿದೆ, ಫೋನು ಮಾಡಿದೆ, ಬೇಡಿದೆ, ಕೂಗಾಡಿದೆ. ಇಪ್ಪತ್ತೈದಕ್ಕೆ ಮುಚ್ಚಿದೆ ಎಂದರು, ಅಷ್ಟೇ. ಕೆಲಸ ಉಳಿಯಿತು. ದುಡ್ಡು ಹೋಯಿತು. ತೆರಿಗೆಯಲ್ಲೂ ಇಲ್ಲ, ಕಂಪನಿಯಲ್ಲೂ ಇಲ್ಲ. ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದಾಗ ಅವರು ಮಂಚದ ಮೇಲೆ ಎದ್ದು ಕುಳಿತರು. "ದಾಕ್ಷಿಣ್ಯಕ್ಕೆ ಬಸ್ರಾದ್ರೆ ಹೆರಕ್ಕೆ ಜಾಗ ಇರ್ನಿಲ್ವಂತೆ. ನೀವಿಬ್ರೂ ಓದ್ದೋರು ಬೇರೆ" ಎಂದರು.

ಮುಂದಿನ ವಾರವೇ ಯಳಂದೂರಿಗೆ ಹೋಗಿ ಹೊಸ ಕಾರ್ಡಿಗೆ ಅರ್ಜಿ ಕೊಟ್ಟೆ. ಅದು ಮನೆಗೆ ಬಂದ ದಿನ ಭಾವನೂ ಬಂದಿದ್ದರು. ಒಂದು ಲಕೋಟೆಯನ್ನು ನನ್ನ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕ ಇಟ್ಟರು. ಒಳಗೆ ನೋಟಿದ್ದವು, ಎಣಿಸಲಿಲ್ಲ.

"ನನ್ನಿಂದ ಓಯ್ತಲ್ಲವ್ವ. ಮಡಿಕೋ."

ಹದಿನೇಳು ವರ್ಷದಲ್ಲಿ ಅವರಿಗೆ ಹೇಳದಿದ್ದ ಮಾತು ಅವತ್ತು ಎಷ್ಟು ಸುಲಭವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಬ್ಯಾಡ ಭಾವ" ಎಂದೆ.

ಡಿಸೆಂಬರಿನ ಆ ಸಂಜೆ, ಆ ಖಾನೆಯ ಮುಂದೆ, ಇದೇ ಎರಡು ಮಾತು ಸಾಕಿತ್ತು.